ಮದುವೆ ಮನೆಯ ಹುರುಳಿಕಾಯಿ: ಒಬ್ಬ ತರಕಾರಿ ವ್ಯಾಪಾರಿಯ ಒಂದು ಬೆಳಗಿನ ಖರೀದಿ

ಅಡುಗೆ ಭಟ್ಟರು ಕೊಟ್ಟ ಚೀಟಿಯಲ್ಲಿ ಮೂರೇ ಸಾಲುಗಳಿದ್ದವು. ಹುರುಳಿಕಾಯಿ 25 ಕಿಲೋ, ಎಣ್ಣೆಗಾಯಿಗೆ ಗುಂಡು ಬದನೆ 15 ಕಿಲೋ, ಕೊತ್ತಂಬರಿ ಸೊಪ್ಪು 40 ಕಟ್ಟು. ಶ್ರಾವಣದ ಮದುವೆ, ಮಧ್ಯಾಹ್ನದ ಊಟಕ್ಕೆ ಮುನ್ನೂರು ಎಲೆ. ಛತ್ರದಲ್ಲಿ ತರಕಾರಿ ಇಡಲು ಒಂದು ಕತ್ತಲೆ ಕೋಣೆ ಬಿಟ್ಟರೆ ಬೇರೇನೂ ಇರಲಿಲ್ಲ, ಫ್ರಿಜ್ಜಿನ ಮಾತಂತೂ ದೂರ. ಸಾಮಾನು ಹಿಂದಿನ ದಿನ ಬೆಳಿಗ್ಗೆಯೇ ಕೈಸೇರಬೇಕು, ಹೆಚ್ಚುವವರು ಮರುದಿನ ನಸುಕಿನ ಮೂರು ಗಂಟೆಗೆ ಕೂರುತ್ತಾರೆ ಎಂಬುದು ಭಟ್ಟರ ಷರತ್ತು. ಅಂದರೆ ಬೆಳಗಿನ ಐದಕ್ಕೆ ಕೊಂಡ ಕಾಯಿ ಇಪ್ಪತ್ತೆರಡು ಗಂಟೆ ಕಾಲ ಕೆಡದೆ ಕಾಯಬೇಕು. ಅಂದಿನ ಖರೀದಿಯಲ್ಲಿ ನಡೆದುದೆಲ್ಲ ಈ ಇಪ್ಪತ್ತೆರಡು ಗಂಟೆಯ ಲೆಕ್ಕದ ಸುತ್ತ ತಿರುಗುತ್ತದೆ.

ಚೀಟಿ ಹಿಡಿದವರು ನಮ್ಮ ಬೀದಿಯ ತರಕಾರಿ ಅಕ್ಕ. ಐವತ್ತೈದರ ಆಸುಪಾಸಿನ ಹೆಂಗಸು. ಒಂದು ತಳ್ಳುಗಾಡಿ, ಒಂದು ತಕ್ಕಡಿ, ಸಂಜೆ ಕಟ್ಟಿಹಾಕಲು ಒಂದು ಟಾರ್ಪಾಲು, ಇಷ್ಟೇ ಅವರ ಅಂಗಡಿ. ಮೈಸೂರಿನ ಎಂ.ಜಿ. ರಸ್ತೆಯ ತರಕಾರಿ ಮಾರುಕಟ್ಟೆಗೆ ನಸುಕಿನಲ್ಲೇ ಹೋಗಿ ಮಾಲು ಎತ್ತಿ, ಏಳರ ಹೊತ್ತಿಗೆ ಬೀದಿಗೆ ಬರುತ್ತಾರೆ. ಅವರು ರಾಶಿಯ ಮುಂದೆ ನಿಲ್ಲುವುದೇ ಇಲ್ಲ, ನಡೆಯುತ್ತಲೇ ಆರಿಸುತ್ತಾರೆ ಎಂಬ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದು ನಿಜವೇ, ನಿಜವಾದರೆ ಕಣ್ಣು ಏನನ್ನು ನೋಡುತ್ತದೆ ಎಂದು ತಿಳಿಯುವ ಚಪಲದಿಂದ ಆ ದಿನ ನಾನು ಚೀಲ ಹಿಡಿದು ಹಿಂದೆ ಹೊರಟೆ. ನಾನು ಶಾಲೆಯ ಮೇಷ್ಟರಾಗಿದ್ದವನು. ಪ್ರಶ್ನೆ ಕೇಳುವ ಚಟ ನಿವೃತ್ತಿಯ ಬಳಿಕವೂ ಹೋಗಿಲ್ಲ.

ಆ ಬೆಳಗಿನ ಮಾರುಕಟ್ಟೆಯನ್ನು ಅರ್ಥಮಾಡಿಕೊಳ್ಳಲು ಎರಡು ಸಂಗತಿಗಳು ಬೇಕು. ಹಿಂದಿನ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಒಳ್ಳೆಯ ಮಳೆ ಬಿದ್ದಿತ್ತು. ಎರಡನೆಯದು, ಓಣಂ ಹತ್ತಿರವಿತ್ತು. ಆ ದಿನಗಳಲ್ಲಿ ಗುಂಡ್ಲುಪೇಟೆ ಕಡೆಯ ತರಕಾರಿ ಲಾರಿಗಟ್ಟಲೆ ಕೇರಳಕ್ಕೆ ಇಳಿಯುತ್ತದೆ. ಮೈಸೂರಿಗೆ ಬರುವ ಮಾಲು ಕಡಿಮೆಯಾಗಿ, ಬಂದ ಮಾಲಿನ ಬೆಲೆ ಏರುತ್ತದೆ. ಲಾರಿಗೆ ತುಂಬುವವರು ದೂರದ ಪ್ರಯಾಣ ತಾಳುವ ಒಣ ಕಾಯಿಯನ್ನೇ ಹುಡುಕುವುದರಿಂದ, ಹಸಿ ಮೈಯ ಕಾಯಿಗೂ ಒಣ ಮೈಯ ಕಾಯಿಗೂ ಬೆಲೆಯ ಅಂತರ ಬೇರೆ ದಿನಗಳಿಗಿಂತ ಹೆಚ್ಚಾಗಿರುತ್ತದೆ.

ಹುರುಳಿಕಾಯಿಯ ಮೂರು ರಾಶಿಗಳು ನಮ್ಮ ದಾರಿಯಲ್ಲಿ ಸಿಕ್ಕವು. ಮೊದಲನೆಯದು ಬಾಗಿಲ ಬಳಿಯೇ ಇತ್ತು. ಕಾಯಿಗಳನ್ನು ಒಂದೇ ದಿಕ್ಕಿಗೆ ಜೋಡಿಸಿ, ಮೇಲೆ ನೀರು ಚಿಮುಕಿಸಿ, ಬಲ್ಬನ್ನು ರಾಶಿಯ ನೇರಕ್ಕೆ ಇಳಿಬಿಟ್ಟಿದ್ದರು. ಹಸಿರು ಮಿರಮಿರ ಮಿನುಗುತ್ತಿತ್ತು. ಕಿಲೋಗೆ 45 ರೂಪಾಯಿ. ಕೇಳಿದ್ದರೆ ನಾನು ಅದನ್ನೇ ತೋರಿಸುತ್ತಿದ್ದೆ. ಅಕ್ಕ ರಾಶಿಯ ಕಡೆ ತಿರುಗಿದರೋ ಇಲ್ಲವೋ ಎನ್ನುವಷ್ಟರಲ್ಲಿ ಮುಂದೆ ಹೋಗಿದ್ದರು. ಒಂದು ಕಾಯಿ ಮಾತ್ರ ಅವರ ಎಡಗೈಯಲ್ಲಿತ್ತು. ಅದನ್ನು ಯಾವಾಗ ಎತ್ತಿಕೊಂಡರೋ ನನಗೆ ಕಾಣಿಸಲಿಲ್ಲ.

ಎರಡನೆಯದು ರೈತನೊಬ್ಬ ತಾನೇ ತಂದು ನೆಲಕ್ಕೆ ಸುರಿದ ರಾಶಿ. ಕಾಯಿಗಳ ಮೈಮೇಲೆ ಕೆಂಪು ಮಣ್ಣಿನ ಸಣ್ಣ ಚುಕ್ಕೆಗಳು, ಅಲ್ಲಲ್ಲಿ ಅಂಟಿಕೊಂಡ ಎಲೆ. ಬೆಲೆ 40. ಮೂರನೆಯದು ಒಳಗಿನ ಸಾಲಿನಲ್ಲಿ ಕ್ರೇಟಿನಲ್ಲಿತ್ತು. ಮೈಯಲ್ಲಿ ಹೊಳಪಿಲ್ಲ, ತೆಳುವಾಗಿ ದೂಳು ಕೂತಂತಿದೆ, ಕೆಲವು ಕಾಯಿಗಳ ಬಾಲ ಚೂರು ಮುದುಡಿದೆ. ಬೆಲೆ 52. ನೋಟಕ್ಕೆ ಮೂರರಲ್ಲಿ ಕಡೆಯದು, ಬೆಲೆಯಲ್ಲಿ ಮೊದಲನೆಯದು.

ಅಕ್ಕ ಎರಡನೆಯ ರಾಶಿಯಿಂದ ಹತ್ತು ಕಿಲೋ ತೂಗಿಸಿ ತಮ್ಮ ಗಾಡಿಗೆ ಬೇರೆ ಚೀಲದಲ್ಲಿ ಹಾಕಿಕೊಂಡರು. ಮದುವೆಯ 25 ಕಿಲೋವನ್ನು ಮೂರನೆಯ ರಾಶಿಯಿಂದ ತೆಗೆದುಕೊಂಡರು. ಮೂರು ರಾಶಿಗಳನ್ನು ನೋಡಿ ತೀರ್ಮಾನಿಸಲು ಹಿಡಿದದ್ದಕ್ಕಿಂತ ಚೌಕಾಸಿಗೇ ಹೆಚ್ಚು ಹೊತ್ತು ಹಿಡಿಯಿತು.

ನಾನು ಕೇಳಿದ ಮೊದಲ ಪ್ರಶ್ನೆ ಸಹಜವಾದದ್ದೇ: "ಯಾವುದು ಹೆಚ್ಚು ತಾಜಾ, ಅಕ್ಕಾ?"

"ಮಣ್ಣಿನ ಚುಕ್ಕೆಯದು. ಅದರಲ್ಲಿ ಅನುಮಾನವೇ ಇಲ್ಲ."

"ಹಾಗಾದರೆ ಮದುವೆಗೆ ಅದನ್ನೇಕೆ ಕೊಡಲಿಲ್ಲ?"

"ಮದುವೆ ನಾಳೆ ಅಲ್ಲವೇ, ಮೇಷ್ಟರೇ?"

ಇಷ್ಟು ಹೇಳಿ ಅವರು ಬದನೆಯ ಕಡೆ ಹೊರಟರು. ವಿವರವನ್ನು ನಾನು ತುಂಡುತುಂಡಾಗಿ, ಚಹಾ ಕುಡಿಯುವಾಗ ಒಂದಿಷ್ಟು, ಗಾಡಿ ತಳ್ಳುವಾಗ ಒಂದಿಷ್ಟು ಕೇಳಿ ಕೂಡಿಸಿಕೊಳ್ಳಬೇಕಾಯಿತು. ಕೂಡಿಸಿದ ಮೇಲೆ ಕಂಡದ್ದು ಹೀಗಿದೆ.

ಗಿರಾಕಿಗಳು ತರಕಾರಿಯ ಹೊಟ್ಟೆಯನ್ನು ನೋಡುತ್ತಾರೆ, ಅಕ್ಕ ತೊಟ್ಟನ್ನು ನೋಡುತ್ತಾರೆ. ಕಾಯಿಯ ಮೈಯನ್ನು ತೊಳೆಯಬಹುದು, ಒರೆಸಬಹುದು, ನೀರು ಹಾಕಿ ಮಿನುಗಿಸಬಹುದು. ಗಿಡದಿಂದ ಕಿತ್ತ ಜಾಗವನ್ನು ಏನೂ ಮಾಡಲಾಗದು. ಕಿತ್ತ ಗಳಿಗೆಯಿಂದಲೇ ಅದು ಒಣಗತೊಡಗುತ್ತದೆ. ಹುರುಳಿಕಾಯಿಯ ತೊಟ್ಟು ಮೊದಮೊದಲು ಕಾಯಿಯಷ್ಟೇ ಹಸಿರಾಗಿ, ಮುರಿದ ತುದಿಯಲ್ಲಿ ತೇವವಾಗಿರುತ್ತದೆ. ಆಮೇಲೆ ತುದಿ ಬಿಳಚಿ, ಕಂದಾಗಿ, ಕೊನೆಗೆ ಇಡೀ ತೊಟ್ಟು ನಾರಿನ ಎಳೆಯಂತೆ ಸೊರಗುತ್ತದೆ. ಬಾಗಿಲ ಬಳಿಯ ರಾಶಿಯಲ್ಲಿ ಮೈ ಮಿನುಗುತ್ತಿದ್ದರೂ ತೊಟ್ಟುಗಳು ಕಂದಾಗಿ ಒಣಗಿದ್ದವು. ಅದು ಹಿಂದಿನ ದಿನ ಮಾರಾಟವಾಗದೆ ಉಳಿದ ಮಾಲು. ಅಕ್ಕ ಎತ್ತಿಕೊಂಡಿದ್ದ ಕಾಯಿಯನ್ನು ನಾನು ಮುರಿದು ನೋಡಿದೆ. ಅದು ಟಕ್ಕೆಂದು ಮುರಿಯದೆ ಬಾಗಿ, ಸಿಪ್ಪೆ ಎಳೆಯಾಗಿ ಜೋತುಬಿತ್ತು. ನೀರು ಮೈಗೆ ಹೊಳಪು ಕೊಟ್ಟಿತ್ತು, ಒಳಗೆ ಕಳೆದುಹೋದ ಬಿಗುವನ್ನು ಮರಳಿ ಕೊಟ್ಟಿರಲಿಲ್ಲ.

ಮಣ್ಣಿನ ಚುಕ್ಕೆಗಳು ಇನ್ನೊಂದು ಕಥೆ ಹೇಳುತ್ತವೆ. ಮಳೆಯ ಹನಿ ನೆಲಕ್ಕೆ ಬಿದ್ದಾಗ ಮಣ್ಣು ಸಿಡಿದು, ಗಿಡದ ಕೆಳಗಡೆ ತೂಗುವ ಕಾಯಿಗಳಿಗೆ ಅಂಟುತ್ತದೆ. ಆದ್ದರಿಂದ ಚುಕ್ಕೆಯಿರುವ ಕಾಯಿ ಮಳೆ ಬೀಳುವಾಗ ಗಿಡದಲ್ಲೇ ಇತ್ತು. ಮಳೆ ನಿಂತ ಮೇಲೆ ಐದಾರು ಗಂಟೆಯ ಹೊತ್ತಿಗೆ, ಕತ್ತಲಾಗುವ ಮೊದಲು ಅದನ್ನು ಕಿತ್ತಿದ್ದಾರೆ. ಕ್ರೇಟಿನ ಕಾಯಿಗೆ ಚುಕ್ಕೆಯಿಲ್ಲ, ಒಣ ದೂಳಿದೆ, ತುದಿಯಲ್ಲಿ ಬಾಡಿದ ಹೂವಿನ ಚೂರು ಇನ್ನೂ ಅಂಟಿಕೊಂಡಿದೆ. ನೀರು ತಾಗಿದ್ದರೆ, ತೊಳೆದಾಡಿದ್ದರೆ ಆ ಚೂರು ಉದುರಿಹೋಗಿರುತ್ತಿತ್ತು. ಅದು ಮಳೆಗೆ ಮೊದಲೇ, ಮಧ್ಯಾಹ್ನದೊಳಗೆ ಕಿತ್ತು ಸೂರಿನಡಿ ಹರಡಿಟ್ಟ ಕಾಯಿ. ಬೆಳಗಿನ ಐದು ಗಂಟೆಗೆ ಎರಡನೆಯದರ ವಯಸ್ಸು ಸುಮಾರು ಹನ್ನೊಂದು ಗಂಟೆ, ಮೂರನೆಯದರದು ಹದಿನೇಳು ಹದಿನೆಂಟು ಗಂಟೆ.

ಹೀಗೆ ಗಡಿಯಾರದ ಪ್ರಕಾರ ಎರಡನೆಯ ರಾಶಿಯೇ ಹೊಸದು. ಅದರ ಮೇಲೆ ಮಳೆಯ ತೇವವೂ ಇದೆ. ಕಿತ್ತ ಮೇಲೂ ಕಾಯಿ ಉಸಿರಾಡುತ್ತಲೇ ಇರುತ್ತದೆ, ಉಸಿರಾಟದಿಂದ ಬಿಸಿ ಹುಟ್ಟುತ್ತದೆ. ಚೀಲದ ನಡುವೆ ಆ ಬಿಸಿಗೆ ಹೋಗಲು ದಾರಿಯಿರುವುದಿಲ್ಲ. ಒಣ ಕಾಯಿಯಾದರೆ ಬಾಡುತ್ತದೆ, ಅಷ್ಟೇ. ಹಸಿ ಕಾಯಿಯಾದರೆ ಬಿಸಿಯೂ ತೇವವೂ ಕೂಡಿ ಬೂಷ್ಟು ಏಳುತ್ತದೆ. ಹುರುಳಿಕಾಯಿಯಲ್ಲಿ ಅದು ಹತ್ತಿಯ ಎಳೆಯಂತೆ ಬೆಳ್ಳಗೆ ಹರಡಿ, ಒಂದು ಕಾಯಿಯಿಂದ ಪಕ್ಕದ್ದಕ್ಕೆ ದಾಟಿ, ಗೊಂಚಲನ್ನೇ ಲೋಳೆ ಮಾಡಿಬಿಡುತ್ತದೆ. ಮಣ್ಣಿನ ಕಣ ಅಂಟಿದ ಕಾಯಿಗೆ ಈ ಕಾಟ ಇನ್ನೂ ಹೆಚ್ಚು, ಏಕೆಂದರೆ ಈ ಜಾತಿಯ ಬೂಷ್ಟು ಇರುವುದೇ ಮಣ್ಣಿನಲ್ಲಿ. ಬೆಳಿಗ್ಗೆ ಏಳರಿಂದ ಮಧ್ಯಾಹ್ನದೊಳಗೆ ಮನೆಮನೆಗೆ ಮಾರಿ ಮುಗಿಸುವುದಾದರೆ ಎರಡನೆಯ ರಾಶಿಯೇ ಒಳ್ಳೆಯದು. ಗಿರಾಕಿ ಅಂದೇ ಹೆಚ್ಚಿ ಪಲ್ಯ ಮಾಡುತ್ತಾನೆ, ರುಚಿಯಲ್ಲಿ ಅದನ್ನು ಬೇರೆ ಯಾವುದೂ ಮೀರಿಸುವುದಿಲ್ಲ. ಕತ್ತಲೆ ಕೋಣೆಯಲ್ಲಿ ಇಪ್ಪತ್ತೆರಡು ಗಂಟೆ ಚೀಲದಲ್ಲಿ ಕೂರಬೇಕಾದರೆ ಆರು ಗಂಟೆ ಹಳೆಯದಾದರೂ ಒಣ ಮೈಯದೇ ಆಗಬೇಕು. ಲಾರಿಯವರು 52 ರೂಪಾಯಿ ಕೊಡಲು ಸಿದ್ಧರಿದ್ದದ್ದು ಇದೇ ಕಾರಣಕ್ಕೆ. ಅಕ್ಕನ ಲೆಕ್ಕವೂ ಅವರ ಲೆಕ್ಕವೂ ಒಂದೇ.

ನನ್ನನ್ನು ಬೆರಗಾಗಿಸಿದ್ದು ಇದು. ತಾಜಾ ಯಾವುದೆಂದು ಕಣ್ಣು ಒಂದೇ ನೋಟಕ್ಕೆ ಹೇಳಿತು, ಅದರ ಹಿಂದೆಯೇ ತಲೆ ಅದನ್ನು ಬೇರೆಯವರಿಗೆ ಕೊಟ್ಟಿತು.

ಬೆಳಕಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ನಸುಕಿನ ಮಾರುಕಟ್ಟೆಯಲ್ಲಿ ಬಣ್ಣವನ್ನು ನಂಬುವವರು ಕೆಡುತ್ತಾರೆ. ಒಂದು ಅಂಗಡಿಯಲ್ಲಿ ಬಿಳಿ ಬಲ್ಬು, ಪಕ್ಕದಲ್ಲಿ ಹಳದಿ, ಆಚೆ ನೀಲಿ ಟಾರ್ಪಾಲು. ಕೆಂಪು ಛತ್ರಿಯ ಅಡಿಯಲ್ಲಿ ಟೊಮೆಟೊ ಹಣ್ಣಾಗಿಯೂ ಹಸಿರು ಹಾಸಿನ ಅಡಿಯಲ್ಲಿ ಸೊಪ್ಪು ಎಳೆಯದಾಗಿಯೂ ಕಾಣುತ್ತವೆ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಅಕ್ಕ ಮೊದಲ ರಾಶಿಯಿಂದ ಒಂದು ಕಾಯಿ ಎತ್ತಿಕೊಂಡು ನಡೆದದ್ದು ಇದಕ್ಕಾಗಿಯೇ. ಎರಡನೆಯ ರಾಶಿಯ ಬಳಿ ಅದನ್ನು ಅಲ್ಲಿನ ಕಾಯಿಯ ಪಕ್ಕದಲ್ಲಿಟ್ಟು, ಒಂದೇ ಬೆಳಕಿನಲ್ಲಿ ಎರಡನ್ನೂ ನೋಡುತ್ತಾರೆ. ಅಲ್ಲಿಂದ ಇನ್ನೊಂದನ್ನು ಎತ್ತಿಕೊಂಡು ಮೂರನೆಯದಕ್ಕೆ. ಹಿಂದಿನ ರಾಶಿ ಹೇಗಿತ್ತೆಂದು ನೆನಪಿಟ್ಟುಕೊಳ್ಳುವ ಗೋಜಿಗೇ ಅವರು ಹೋಗುವುದಿಲ್ಲ. ಒಂದೇ ನೋಟ ಎಂದು ನಾವು ಕೊಂಡಾಡುವುದರ ಒಳಗೆ ಈ ಚಿಕ್ಕ ಉಪಾಯ ಅಡಗಿದೆ. ಬೀದಿಯಲ್ಲಿ ನೋಡುವವರಿಗೆ ಅದು ಕಾಣುವುದಿಲ್ಲ.

ಬದನೆಯ ವಿಷಯದಲ್ಲಿ ಅಂದು ಕಣ್ಣಿಗೆ ಸೋಲಿತ್ತು. ಸೋಲು ಬರುತ್ತದೆಂದು ಅಕ್ಕನಿಗೆ ಮೊದಲೇ ಗೊತ್ತಿತ್ತು ಕೂಡ.

ಎಣ್ಣೆಗಾಯಿಗೆ ಬೇಕಾದ್ದು ಐವತ್ತು ಗ್ರಾಂ ಆಸುಪಾಸಿನ ನೇರಳೆ ಗುಂಡು ಬದನೆ, ಎಲೆಗೊಂದರಂತೆ. ತೊಟ್ಟು ಬಿಡಿಸದೆ ನಾಲ್ಕು ಸೀಳು ಹಾಕಿ ಮಸಾಲೆ ತುಂಬುವುದರಿಂದ ಕಾಯಿ ಎಳೆಯದಾಗಿರಬೇಕು, ಬೀಜ ಬಲಿತಿರಬಾರದು. ಇದನ್ನು ಹೇಳುವುದು ಮೈಯ ಹೊಳಪು. ಬೀಜ ಗಟ್ಟಿಯಾಗುತ್ತಿದ್ದಂತೆ ಬದನೆಯ ಮೈ ಮಂಕಾಗುತ್ತದೆ. ಹುರುಳಿಕಾಯಿಯಲ್ಲಿ ಹೊಳಪನ್ನು ನಂಬದ ಅಕ್ಕ ಬದನೆಯಲ್ಲಿ ಅದನ್ನೇ ಮೊದಲು ನೋಡುತ್ತಾರೆ. ನಂತರ ತೊಟ್ಟಿನ ಹಸಿರು ಟೊಪ್ಪಿಗೆ. ಅದು ಮೈಗೆ ಬಿಗಿಯಾಗಿ ಅಂಟಿ, ಮುಳ್ಳುಗಳು ಕೈಗೆ ಚುಚ್ಚುವಂತಿದ್ದರೆ ಕಿತ್ತು ಹೆಚ್ಚು ಹೊತ್ತಾಗಿಲ್ಲ. ಟೊಪ್ಪಿಗೆಯ ಅಂಚು ಒಣಗಿ ಮೇಲಕ್ಕೆ ಸುರುಳಿಕೊಂಡಿದ್ದರೆ ಹಳೆಯದು. ಮೂರನೆಯದು ನನಗೆ ತೀರ ಹೊಸದಾಗಿತ್ತು. ಟೊಪ್ಪಿಗೆಯ ಅಂಚನ್ನು ಉಗುರಿನಿಂದ ಸ್ವಲ್ಪ ಸರಿಸಿದರೆ ಕೆಳಗೆ ಬಿಳಿ ಪಟ್ಟಿಯೊಂದು ಕಾಣುತ್ತದೆ. ನೇರಳೆ ಬಣ್ಣ ಏರುವುದು ಬೆಳಕು ತಾಗಿದ ಮೇಲೆ. ಟೊಪ್ಪಿಗೆಯ ಅಡಿಯಿಂದ ಈಗಷ್ಟೇ ಬೆಳೆದು ಹೊರಬರುತ್ತಿರುವ ಸಿಪ್ಪೆಗೆ ಬಣ್ಣ ಬಂದಿರುವುದಿಲ್ಲ. ಪಟ್ಟಿ ಅಗಲವಾಗಿದ್ದರೆ ಕೀಳುವಾಗ ಕಾಯಿ ಭರದಿಂದ ಬೆಳೆಯುತ್ತಿತ್ತು, ಎಳೆಯದು. ಪಟ್ಟಿಯೇ ಇಲ್ಲದಿದ್ದರೆ ಬೆಳವಣಿಗೆ ನಿಂತು ಬಲಿಯತೊಡಗಿದೆ. ಈ ಗುರುತು ನೇರಳೆ ಬದನೆಗೆ ಮಾತ್ರ. ನಮ್ಮ ಮೈಸೂರಿನ ಹಸಿರು ಈರನಗೆರೆ ಬದನೆಗೆ ಇದರಿಂದ ಪ್ರಯೋಜನವಿಲ್ಲ.

ಇಷ್ಟೆಲ್ಲ ನೋಡಿದರೂ ಒಳಗಿನ ಹುಳು ಕಾಣುವುದಿಲ್ಲ. ಬದನೆಯ ಕಾಯಿಕೊರಕ ಹುಳು ಮೊಟ್ಟೆಯಿಂದ ಹೊರಬಂದಾಗ ಕೂದಲೆಳೆಯಷ್ಟಿರುತ್ತದೆ. ಅನೇಕ ಸಲ ಟೊಪ್ಪಿಗೆಯ ಅಡಿಯಲ್ಲೇ ಒಳಹೊಕ್ಕು, ಹೊಕ್ಕ ತೂತು ಕಾಯಿ ಬೆಳೆದಂತೆ ಮುಚ್ಚಿಹೋಗುತ್ತದೆ. ನಾವು ನೋಡಿ ಹೆದರುವ ದೊಡ್ಡ ತೂತು, ಒಳಗೆ ತಿಂದು ಕೊಬ್ಬಿದ ಹುಳು ಕೋಶ ಕಟ್ಟಲು ಹೊರಟಾಗ ಕೊರೆದದ್ದು. ಆದ್ದರಿಂದ ತೂತಿರುವ ಕಾಯಿಯಿಂದ ಹುಳು ಬಹುಮಟ್ಟಿಗೆ ಹೋಗಿಯಾಗಿದೆ. ಇನ್ನೂ ಒಳಗಿರುವುದು ತೂತಿಲ್ಲದ, ನುಣ್ಣನೆಯ ಕಾಯಿಯಲ್ಲಿ. ಗಿರಾಕಿಗಳು ತೂತಿನ ಕಾಯಿಯನ್ನು ಬದಿಗೆಸೆದು ನುಣ್ಣನೆಯದನ್ನು ಆರಿಸಿ, ಮನೆಗೆ ಹೋಗಿ ಸೀಳಿದ ಮೇಲೆ ತರಕಾರಿಯವಳನ್ನು ಬೈಯುವುದು ಹೀಗಾಗಿಯೇ.

ಒಂದೊಂದು ಕಾಯಿಯನ್ನು ನೋಡಿ ಹೇಳಲಾಗದ್ದನ್ನು ಅಕ್ಕ ರಾಶಿಯನ್ನು ನೋಡಿ ಅಂದಾಜು ಮಾಡುತ್ತಾರೆ. ರಾಶಿಯಲ್ಲಿ ತೂತು ಬಿದ್ದ ಕಾಯಿಗಳು ಅಲ್ಲಲ್ಲಿ ಕಂಡರೆ ಆ ಹೊಲದಲ್ಲಿ ಹುಳು ಇದೆ, ಅಂದರೆ ನುಣ್ಣನೆಯವುಗಳಲ್ಲೂ ಇದೆ. ತೂತಿನ ಕಾಯಿ ಒಂದೂ ಇಲ್ಲದಿದ್ದರೆ ಎರಡರಲ್ಲೊಂದು. ಹೊಲ ನಿಜಕ್ಕೂ ಶುದ್ಧವಾಗಿರಬಹುದು, ಇಲ್ಲವೇ ಮಾರುವವನು ತೂತಿನದನ್ನೆಲ್ಲ ಆರಿಸಿ ತೆಗೆದಿರಬಹುದು. ಅದನ್ನು ತಿಳಿಯಲು ಕಣ್ಣು ಸಾಲದೆ ಚಾಕು ಬೇಕಾಗುತ್ತದೆ. 30 ರೂಪಾಯಿ ಹೇಳುತ್ತಿದ್ದ ರಾಶಿಯ ಮುಂದೆ ಕೂತು, ತಳದಿಂದ ನಾಲ್ಕು ಕಾಯಿ ಎಳೆದು, "ಇವುಗಳ ದುಡ್ಡು ಕೊಡುತ್ತೇನೆ ಅಣ್ಣಾ, ಸೀಳುತ್ತೇನೆ" ಎಂದು ಸೀಳಿಯೇಬಿಟ್ಟರು. ತಳದಿಂದ ಏಕೆಂದರೆ ಮೇಲಿನ ಪದರ ಯಾವ ಅಂಗಡಿಯಲ್ಲೂ ತೋರಿಕೆಯದು. ನಾಲ್ಕರಲ್ಲಿ ಮೂರು ಶುದ್ಧ, ಒಂದರಲ್ಲಿ ಕಪ್ಪು ಹಿಕ್ಕೆಯ ಜಾಡು ಇತ್ತು. ಬೇರೆ ಎರಡು ರಾಶಿಗಳ ಬದನೆ ಮಂಕಾಗಿ ಬಲಿತದ್ದು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಳುವನ್ನು ಭಟ್ಟರು ಬಿಸಾಡಬಹುದು, ಬಲಿತ ಬೀಜವನ್ನು ಬಿಸಾಡಲಾಗುವುದಿಲ್ಲ" ಎಂದು ಅದೇ ರಾಶಿಯಿಂದ 15ರ ಬದಲು 17 ಕಿಲೋ ತೂಗಿಸಿದರು. ಹೆಚ್ಚಿನ ಎರಡು ಕಿಲೋ ತಮ್ಮ ಲೆಕ್ಕದಲ್ಲಿ.

ಕೊತ್ತಂಬರಿಯನ್ನು ಅಂದು ಕೊಳ್ಳಲೇ ಇಲ್ಲ. ದೊಡ್ಡ ಮೂಟೆಯೊಂದರ ನಡುವೆ ಕೈ ತೂರಿಸಿ ಹೊರತೆಗೆದು, ನನಗೂ ಹಾಗೆಯೇ ಮಾಡಲು ಹೇಳಿದರು. ಒಳಗೆ ಬೆಚ್ಚಗಿತ್ತು. ಸೊಪ್ಪು ಕಾಯಿಗಿಂತ ಜೋರಾಗಿ ಉಸಿರಾಡುತ್ತದೆ. ಹಿಂದಿನ ಸಂಜೆ ಕಿತ್ತು ಬಿಗಿಯಾಗಿ ಕಟ್ಟಿದ್ದರೆ ನಡುವೆ ಬಿಸಿ ತುಂಬಿ, ಹೊರಗಿನ ಎಲೆ ಹಸಿರಾಗಿರುವಾಗಲೇ ಒಳಗಿನದು ಹಳದಿಗೆ ತಿರುಗತೊಡಗುತ್ತದೆ. ಬೆಚ್ಚಗಿನ ಮೂಟೆ ಸಂಜೆಯವರೆಗೂ ಬಾಳುವುದಿಲ್ಲ, ಇನ್ನು ನಾಳೆಯ ಮಾತೇನು? ಮರುದಿನ ನಸುಕಿನಲ್ಲಿ ಬೇರಿನ ಮಣ್ಣು ಹಸಿಯಾಗಿರುವ ಸೊಪ್ಪನ್ನು ನೇರ ಛತ್ರಕ್ಕೇ ತಲುಪಿಸುತ್ತೇನೆಂದು ಭಟ್ಟರಿಗೆ ಫೋನ್ ಮಾಡಿದರು. ಭಟ್ಟರು ಒಪ್ಪಿದರು.

ಹುರುಳಿಕಾಯಿಗೆ ಒಪ್ಪಲಿಲ್ಲ. ಛತ್ರದಲ್ಲಿ ಚೀಲ ಬಿಚ್ಚಿದ ಕೂಡಲೇ ಅವರ ಮುಖ ಗಂಟಾಯಿತು.

"ಏನಮ್ಮಾ ಇದು, ಬಾಡಿದೆಯಲ್ಲ! ಮದುವೆ ಮನೆಗೆ ಇದನ್ನೇ ತರುವುದೇ?"

"ಮುರಿದು ನೋಡಿ ಸ್ವಾಮಿ."

ಭಟ್ಟರು ಮುರಿದರು. ಟಕ್ಕೆಂದು ಮುರಿಯಿತು, ನಾರು ಬರಲಿಲ್ಲ, ಒಳಗೆ ಬೀಜ ಅಕ್ಕಿನುಚ್ಚಿನಷ್ಟಿತ್ತು. ಆದರೂ ಗೊಣಗಾಟ ನಿಲ್ಲಲಿಲ್ಲ. ನಿಮ್ಮ ಗಾಡಿಯಲ್ಲಿರುವ ಆ ಹಸಿರು ಕಾಯಿ ಕೊಡಿ ಎಂದರು. ಅಕ್ಕ ಜಗಳವಾಡದೆ, "ಅದನ್ನು ಇವತ್ತೇ ಹೆಚ್ಚುವುದಾದರೆ ಕೊಡುತ್ತೇನೆ" ಎಂದರು. ಅಂದು ಹೆಚ್ಚುವವರು ಯಾರೂ ಇರಲಿಲ್ಲ. ಹೊರಡುವ ಮುನ್ನ ಅಕ್ಕ ತಾವೇ ಚೀಲ ಬಿಚ್ಚಿ, ಕಾಯಿಯನ್ನು ಗೋಣಿತಾಟಿನ ಮೇಲೆ ಒಂದು ಗೇಣಿಗಿಂತ ದಪ್ಪವಾಗದಂತೆ ಹರಡಿದರು. ರಾಶಿ ಹಾಕಬೇಡಿ, ನೀರು ಚಿಮುಕಿಸಬೇಡಿ ಎಂದು ಅಲ್ಲಿದ್ದ ಹುಡುಗನಿಗೆ ಎರಡು ಬಾರಿ ಹೇಳಿದರು. ಕಾಯಿ ಎಷ್ಟೇ ಚೆನ್ನಾಗಿರಲಿ, ಯಾರೋ ಅಕ್ಕರೆಯಿಂದ ಒಂದು ಚೊಂಬು ನೀರು ಸುರಿದರೆ ಬೆಳಗಿನ ಆಯ್ಕೆಯೆಲ್ಲ ಹಾಳು.

ನಾನು ಎರಡನೆಯ ಮತ್ತು ಮೂರನೆಯ ರಾಶಿಗಳಿಂದ ಒಂದೊಂದು ಕಿಲೋ ಕೊಂಡು, ಎರಡನ್ನೂ ಒಂದೇ ಬಗೆಯ ಬಟ್ಟೆ ಚೀಲಗಳಲ್ಲಿ ಕಟ್ಟಿ ಮನೆಯ ಉಗ್ರಾಣದಲ್ಲಿಟ್ಟಿದ್ದೆ. ಮರುದಿನ ನಸುಕಿನಲ್ಲಿ ಬಿಚ್ಚಿದಾಗ ಮಣ್ಣಿನ ಚುಕ್ಕೆಯ ಚೀಲದ ನಡುಭಾಗ ಬೆಚ್ಚಗಿತ್ತು. ಹೊರಗಿನ ಕಾಯಿಗಳು ಇನ್ನೂ ಚೆನ್ನಾಗಿಯೇ ಇದ್ದವು, ನಡುವಿನ ಒಂದು ಹಿಡಿಯಷ್ಟು ಮೆತ್ತಗಾಗಿ ಜಾರುತ್ತಿತ್ತು, ಎರಡು ಕಾಯಿಗಳ ಮೇಲೆ ಬಿಳಿ ಎಳೆ ಮೂಡಿತ್ತು. ಒಣ ಕಾಯಿಯ ಚೀಲದಲ್ಲಿ ಬಾಲಗಳು ಮತ್ತಷ್ಟು ಮುದುಡಿದ್ದವು, ಕೆಟ್ಟದ್ದು ಒಂದೂ ಇರಲಿಲ್ಲ. ಒಂದು ಕಿಲೋದ ಚೀಲದಲ್ಲೇ ಹೀಗಾದರೆ 25 ಕಿಲೋದ ಮೂಟೆಯಲ್ಲಿ ಏನಾಗುತ್ತಿತ್ತೆಂದು ಊಹಿಸಬಹುದು. ಒಂದು ಮಾತು ಮಾತ್ರ ಹೇಳಬೇಕು. ಮಣ್ಣಿನ ಚುಕ್ಕೆಯ ಕಾಯಿಯನ್ನೂ ಛತ್ರದಲ್ಲಿ ಹಾಗೆಯೇ ತೆಳುವಾಗಿ ಹರಡಿ, ಫ್ಯಾನ್ ಗಾಳಿಗೆ ಒಣಗಿಸಿದ್ದರೆ ಬಹುಶಃ ಅದೂ ಉಳಿಯುತ್ತಿತ್ತು. ಅಕ್ಕನೂ ಇದನ್ನು ಒಪ್ಪಿದರು. ಬೇರೆಯವರ ಕೋಣೆಯಲ್ಲಿ ಯಾರು ಹರಡುತ್ತಾರೆ, ಯಾರು ಗುಡ್ಡೆ ಹಾಕುತ್ತಾರೆ ಎಂದು ನಂಬಿ ವ್ಯಾಪಾರ ಮಾಡಲಾಗದು ಎಂಬುದು ಅವರ ಉತ್ತರ.

ಬದನೆಯನ್ನು ಸೀಳಿದಾಗ ಸುಮಾರು ಒಂದೂವರೆ ಕಿಲೋದಷ್ಟು, ಮೂವತ್ತು ಕಾಯಿಗಳ ಆಸುಪಾಸು, ಹುಳು ತಿಂದದ್ದು ಸಿಕ್ಕಿತು. ಎರಡು ಕಿಲೋ ಹೆಚ್ಚಿಗೆ ಕೊಟ್ಟಿದ್ದರಿಂದ ಮುನ್ನೂರು ಎಲೆಗೆ ಕಡಿಮೆ ಬೀಳಲಿಲ್ಲ.

ಇಂಥ ಕಣ್ಣು ಹೇಗೆ ಬಂತು ಎಂಬುದಕ್ಕೆ ನಾನು ಮಾರುಕಟ್ಟೆಯಲ್ಲಿ ಉತ್ತರ ಹುಡುಕುತ್ತಿದ್ದೆ. ಅಕ್ಕ ತೋರಿಸಿದ್ದು ಸಂಜೆಯ ಉಳಿಕೆಯನ್ನು. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಅತ್ತೆ ಅವರನ್ನು ಮಂಡಿಗೆ ಕರೆದೊಯ್ಯುತ್ತಲೇ ಇರಲಿಲ್ಲವಂತೆ. ಸಂಜೆ ಗಾಡಿ ಮರಳಿದಾಗ ಮಾರದೆ ಉಳಿದದ್ದನ್ನು ಸುರಿದು, ಇದು ಯಾವ ಅಂಗಡಿಯ ಮಾಲು, ಬೆಳಿಗ್ಗೆ ಹೇಗಿತ್ತು, ಈಗ ಯಾವ ಜಾಗದಿಂದ ಕೆಡಲು ಶುರುವಾಗಿದೆ ಎಂದು ಒಂದೊಂದಾಗಿ ಕೇಳುತ್ತಿದ್ದರಂತೆ. ತೊಟ್ಟಿನಿಂದ ಕೆಟ್ಟಿದೆಯೇ, ಹೊಟ್ಟೆಯಲ್ಲಿ ಗಾಯವಾದಲ್ಲಿಂದಲೇ, ತುದಿಯಿಂದಲೇ? ಬೆಳಿಗ್ಗೆ ಕಂಡ ಗುರುತಿಗೂ ಸಂಜೆ ಕಂಡ ಕೇಡಿಗೂ ಹೀಗೆ ದಿನವೂ ಗಂಟು ಬೀಳುತ್ತಿತ್ತು. ಮಂಡಿಯಲ್ಲಿ ಮಾತ್ರ ಓಡಾಡುವ ದಲ್ಲಾಳಿಗೆ ಮಾಲು ಹೇಗೆ ಬಂತೆಂಬುದು ಗೊತ್ತು, ಅದು ಸಂಜೆ ಏನಾಯಿತೆಂಬುದು ಗೊತ್ತಾಗುವುದಿಲ್ಲ. ಮನೆಯಲ್ಲಿ ಅಡುಗೆ ಮಾಡುವವರಿಗೆ ಕೇಡು ಗೊತ್ತು, ಅದೇ ಕಾಯಿ ಮಾರುಕಟ್ಟೆಯಲ್ಲಿ ಹೇಗಿತ್ತೆಂಬುದು ಗೊತ್ತಿಲ್ಲ. ಎರಡು ತುದಿಗಳನ್ನೂ ಒಂದೇ ದಿನ ಕಾಣುವುದು, ಕಂಡದ್ದಕ್ಕೆ ತನ್ನ ದುಡ್ಡೇ ಕಳೆದುಕೊಳ್ಳುವುದು ಗಾಡಿಯವರ ಪಾಲಿಗೆ ಬಂದದ್ದು. ಈಗ ಅಕ್ಕ ತಮ್ಮ ಸೊಸೆಗೆ ಅದೇ ಪಾಠ ಮಾಡುತ್ತಿದ್ದಾರೆ. ಹೂಕೋಸು, ಎಲೆಕೋಸುಗಳಲ್ಲಿ ಆಕೆ ಇನ್ನೂ ತಪ್ಪುತ್ತಾಳೆ, ಏಕೆಂದರೆ ಅಲ್ಲಿ ದಂಟಿನ ಕೊಯ್ದ ಭಾಗವನ್ನು ವ್ಯಾಪಾರಿಗಳು ದಿನವೂ ತೆಳುವಾಗಿ ಹೆರೆದು ಬಿಳಿ ಮಾಡುತ್ತಾರೆ. ಎಲೆಕೋಸಿನಲ್ಲಿ ದಂಟನ್ನು ಬಿಟ್ಟು ಹೊರಗಿನ ಹಸಿರು ಎಲೆ ಎಷ್ಟು ಉಳಿದಿದೆ ಎಂದು ನೋಡಬೇಕು. ಬಾಡಿದ ಎಲೆಯನ್ನು ಸುಲಿದಷ್ಟೂ ಗಡ್ಡೆ ಬೆಳ್ಳಗಾಗುತ್ತ ಹೋಗುತ್ತದೆ.

ಔಷಧಿ ಹೊಡೆದಿದ್ದಾರೆಯೇ ಎಂದು ಕಣ್ಣಿನಿಂದ ಹೇಳಬಹುದೇ ಎಂದು ಕೇಳಿದ್ದಕ್ಕೆ, ಹೇಳಲಾಗದು ಎಂದು ಖಂಡಿತವಾಗಿ ಹೇಳಿದರು. ಹುಳು ತಿಂದ ಕಾಯಿ ಔಷಧಿ ಕಾಣದ್ದು ಎಂಬ ನಂಬಿಕೆ ಗಿರಾಕಿಗಳಲ್ಲಿದೆ. ಬದನೆಯಲ್ಲಂತೂ ಅದು ಸುಳ್ಳು. ಹುಳು ಒಳಗೆ ಸೇರಿಕೊಂಡ ಮೇಲೆ ಹೊರಗೆ ಎಷ್ಟು ಹೊಡೆದರೂ ಅದಕ್ಕೆ ತಗಲುವುದಿಲ್ಲ, ತಗಲುವುದಿಲ್ಲವೆಂದು ರೈತ ಮತ್ತೆ ಮತ್ತೆ ಹೊಡೆಯುತ್ತಾನೆ. ತೂತೂ ಇರುತ್ತದೆ, ಔಷಧಿಯೂ ಇರುತ್ತದೆ.

ಲೆಕ್ಕ ಹೀಗೆ ಮುಗಿಯಿತು. ಮದುವೆಯ ಹುರುಳಿಕಾಯಿಗೆ ಅಕ್ಕ ಕಿಲೋಗೆ 60 ಹಾಕಿದರು, 25 ಕಿಲೋಗೆ 200 ರೂಪಾಯಿ ಉಳಿಯಿತು. ಮಣ್ಣಿನ ಚುಕ್ಕೆಯ ಹತ್ತು ಕಿಲೋದಲ್ಲಿ ಎಂಟು ಕಿಲೋ ಮಧ್ಯಾಹ್ನದೊಳಗೆ ಅದೇ 60ಕ್ಕೆ ಹೋಯಿತು. ಕೊನೆಯ ಎರಡು ಕಿಲೋವನ್ನು ಸಂಜೆಗೆ ಉಳಿಸಿಕೊಳ್ಳದೆ ಅಸಲಿಗೇ, 40ಕ್ಕೆ, ಒಂದು ಮೆಸ್ಸಿನವರಿಗೆ ಕೊಟ್ಟುಬಿಟ್ಟರು. ಅದರಲ್ಲಿ 160 ಬಂತು. 17 ಕಿಲೋ ಬದನೆಗೆ 510 ಕೊಟ್ಟು, 15 ಕಿಲೋಗೆ 38ರಂತೆ 570 ಪಡೆದರು. ಉಳಿದ 60 ರೂಪಾಯಿ ಛತ್ರದ ಆಟೋ ಬಾಡಿಗೆಗೂ ಸಾಲಲಿಲ್ಲ. ಭಟ್ಟರು ದುಡ್ಡು ಕೊಡುವಾಗ ಹುಳದ ಬದನೆಗೆಂದು ಸ್ವಲ್ಪ ಮುರಿಯಲು ನೋಡಿದರು. ಎರಡು ಕಿಲೋ ಪುಕ್ಕಟೆ ಬಂದದ್ದನ್ನು ತೂಕದ ಚೀಟಿ ಸಮೇತ ತೋರಿಸಿದ ಮೇಲೆ ಕೈಬಿಟ್ಟು, ಹುರುಳಿಕಾಯಿ ಮಾತ್ರ ಪೇಟೆಗಿಂತ ದುಬಾರಿಯಾಯಿತೆಂದು ತಕರಾರು ತೆಗೆದರು. ಅಕ್ಕ ಒಂದು ರೂಪಾಯಿಯನ್ನೂ ಬಿಡಲಿಲ್ಲ. ಮುಂದಿನ ಬಾರಿ ಎಣ್ಣೆಗಾಯಿ ಮಾಡುವುದಾದರೆ ಎರಡು ದಿನ ಮೊದಲೇ ಹೇಳಿ, ಹೊಲ ನೋಡಿ ಬರುತ್ತೇನೆ ಎಂದು ಹೇಳಿ, ದುಡ್ಡನ್ನು ಎಣಿಸಿ ಸೊಂಟದ ಚೀಲಕ್ಕೆ ಹಾಕಿಕೊಂಡರು.